ಎರಡು ಡಯೋಡು, ಮೂರು ಡಯೋಡು

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬುಡದಲ್ಲಿ ಸಣ್ಣ ಸಣ್ಣ ಬಣ್ಣದ ಡಬ್ಬಿಗಳು ಸಾಲಾಗಿ ಕೂತಿರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಹಸಿರು ಬಣ್ಣದ ಒಂದು, ಹಳದಿ ಬಣ್ಣದ ಒಂದು ಬಹಳ ಹಳೆಯ ಜೋಡಿ. ಹಸಿರಿನದು ಐಬನೇಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್. ಸುಸುಮು ತಮುರಾ ಎಂಬ ಜಪಾನಿ ಎಂಜಿನಿಯರ್ ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದರು. ಹಳದಿಯದು ಬಾಸ್ ಕಂಪನಿಯ ಎಸ್‌ಡಿ-1, 1981ರದ್ದು. ಅದೇ ಕಂಪನಿ 1977ರಲ್ಲಿ ತಂದಿದ್ದ ಓಡಿ-1ರ ಮುಂದಿನ ಕುಡಿ. ಎರಡೂ ಮಾಡುವ ಕೆಲಸ ಒಂದೇ: ಗಿಟಾರಿನ ಶುಭ್ರ ದನಿಯನ್ನು ತುಸು ಒಡೆದು, ಗರಗರ ಸೇರಿಸಿ, ಜೋರಾಗಿಟ್ಟ ವಾಲ್ವ್ ಆಂಪ್ಲಿಫೈಯರಿನ ಸ್ವಭಾವ ತರುವುದು. ಇದಕ್ಕೆ ಓವರ್‌ಡ್ರೈವ್ ಎಂದು ಹೆಸರು.

ಬಿಚ್ಚಿ ನೋಡಿದರೆ ಇವು ಹೆಚ್ಚುಕಡಿಮೆ ಒಂದೇ ಮನೆಯ ಮಕ್ಕಳು. ದನಿ ಒಡೆಯುವ ಜಾಗದಲ್ಲಿ ಮಾತ್ರ ಎದ್ದು ಕಾಣುವ ಒಂದು ವ್ಯತ್ಯಾಸವಿದೆ. ಹಸಿರು ಪೆಡಲಿನಲ್ಲಿ ಎರಡು ಡಯೋಡುಗಳು ಎದುರುಬದುರು ಮುಖ ಮಾಡಿ ಕೂತಿವೆ. ಹಳದಿಯಲ್ಲಿ ಒಂದು ಕಡೆಗೆ ಒಂದು, ಇನ್ನೊಂದು ಕಡೆಗೆ ಎರಡು. ಮೊದಲನೆಯದು ಸಿಮೆಟ್ರಿಕ್ ಕ್ಲಿಪ್ಪಿಂಗ್, ಎರಡನೆಯದು ಅಸಿಮೆಟ್ರಿಕ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಆ ಮೂರನೆಯ ಡಯೋಡಿನ ಸುತ್ತ ಗಿಟಾರಿಗರು ನಾಲ್ಕು ದಶಕಗಳಿಂದ ವಾದ ಮಾಡುತ್ತ ಬಂದಿದ್ದಾರೆ. ಅಸಿಮೆಟ್ರಿಕ್ ಎಂದರೆ ಬೆಚ್ಚಗಿನ, ತೆರೆದ ದನಿ, ಸಿಮೆಟ್ರಿಕ್ ಎಂದರೆ ಒತ್ತಿ ಹಿಡಿದ, ನಯವಾದ ದನಿ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದು ಯಾವಾಗ ನಿಜ, ಯಾವಾಗ ಅಲ್ಲ ಎಂಬುದು ಆ ವಾದಗಳಲ್ಲಿ ಅಪರೂಪಕ್ಕೆ ಬರುತ್ತದೆ.

ಮೊದಲು ಡಯೋಡಿನ ಕೆಲಸ. ಅದು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ, ಅದೂ ಒಂದು ಮಟ್ಟದ ವೋಲ್ಟೇಜ್ ಬಂದ ಮೇಲೆ. ಸಿಲಿಕಾನ್ ಡಯೋಡಿಗೆ ಆ ಮಟ್ಟ 0.7 ವೋಲ್ಟ್ ಎಂದು ಪಠ್ಯಪುಸ್ತಕ ಹೇಳುತ್ತದೆ. ಪೆಡಲಿನೊಳಗೆ ಡಯೋಡಿನ ಮೂಲಕ ಹರಿಯುವುದು ಮಿಲಿಆಂಪಿಯರಿನ ಚೂರುಪಾರು ಮಾತ್ರ. ಅಷ್ಟು ಸಣ್ಣ ಹರಿವಿಗೆ ಅದು ಅರ್ಧ ವೋಲ್ಟಿನ ಆಸುಪಾಸಿನಲ್ಲೇ ಬಾಗಿಲು ತೆರೆಯುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಇಲ್ಲಿ ಒಂದು ಡಯೋಡಿಗೆ 0.5 ವೋಲ್ಟ್, ಸಾಲಾಗಿ ಕೂತ ಎರಡಕ್ಕೆ 1 ವೋಲ್ಟ್ ಎಂದೇ ಇಟ್ಟುಕೊಳ್ಳುತ್ತೇನೆ.

ಗಿಟಾರಿನ ಪಿಕಪ್‌ನಿಂದ ಬರುವ ಸಂಕೇತ ವೋಲ್ಟಿನ ಹತ್ತನೇ ಒಂದು ಭಾಗದಷ್ಟು ಎನ್ನೋಣ. ಟ್ಯೂಬ್ ಸ್ಕ್ರೀಮರಿನಲ್ಲಿ ಆಪ್-ಆಂಪ್ ಎಂಬ ಚಿಪ್ ಅದನ್ನು ಹಿಗ್ಗಿಸುತ್ತದೆ. ಡ್ರೈವ್ ಗುಂಡಿ ಕೆಳಗಿದ್ದರೆ ಸುಮಾರು 12 ಪಟ್ಟು, ಪೂರ್ತಿ ತಿರುಗಿಸಿದರೆ ಸುಮಾರು 118 ಪಟ್ಟು. ಡಯೋಡುಗಳು ಕೂತಿರುವುದು ಈ ಚಿಪ್ಪಿನ ಫೀಡ್‌ಬ್ಯಾಕ್ ಹಾದಿಯಲ್ಲಿ, ಅಂದರೆ ಹೊರಗೆ ಬಂದದ್ದರಲ್ಲಿ ಒಂದು ಪಾಲು ಹಿಂದಿರುಗಿ ಚಿಪ್ಪಿನ ಹಿಗ್ಗಿಸುವಿಕೆಯನ್ನು ಹದ್ದಿನಲ್ಲಿಡುವ ದಾರಿಯಲ್ಲಿ. ಸಂಕೇತ ಅರ್ಧ ವೋಲ್ಟ್ ಮುಟ್ಟುತ್ತಿದ್ದಂತೆ ಡಯೋಡು ತೆರೆದುಕೊಂಡು ಆ ದಾರಿಯನ್ನು ಸುಗಮ ಮಾಡುತ್ತದೆ, ಹಿಗ್ಗುವಿಕೆ ತಟ್ಟನೆ ಕುಗ್ಗುತ್ತದೆ, ಅಲೆಯ ತುದಿ ಬೇಲಿಗಿಡದ ತಲೆ ಸವರಿದ ಹಾಗೆ ಚಪ್ಪಟೆಯಾಗುತ್ತದೆ. ಚಪ್ಪಟೆ ಎಂದರೂ ಪೂರ್ತಿ ಅಲ್ಲ. ಈ ಜೋಡಣೆಯಲ್ಲಿ ಒಳಬಂದ ಮೂಲ ಸಂಕೇತ ಹಾಗೇ ಮೇಲೆ ಸವಾರಿ ಮಾಡಿಕೊಂಡು ಹೊರಬರುತ್ತದೆ, ಡಯೋಡು ಕೂಡ ಮೆಲ್ಲಗೆ ತೆರೆದುಕೊಳ್ಳುತ್ತದೆ. ಬಾಸ್‌ನ ಡಿಎಸ್-1, ಪ್ರೊಕೋ ಕಂಪನಿಯ ರ‍್ಯಾಟ್ ಇಂಥ ಡಿಸ್ಟಾರ್ಷನ್ ಪೆಡಲುಗಳಲ್ಲಿ ಡಯೋಡುಗಳು ಸಂಕೇತದ ಹಾದಿಯಿಂದ ಗ್ರೌಂಡಿಗೆ ಇಳಿಯುತ್ತವೆ. ಅಲ್ಲಿ ಅಂಚು ಇನ್ನೂ ಚೂಪು. ಅದು ಬೇರೆಯೇ ಕಥೆ, ಇಲ್ಲಿಗೆ ಬಿಡೋಣ.

ಈಗ ಮುಖ್ಯ ಪ್ರಶ್ನೆ. ತಂತಿಯ ಅಲೆ ಸೊನ್ನೆಯ ಗೆರೆಯಿಂದ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಎರಡು ಡಯೋಡಿನ ಪೆಡಲಿನಲ್ಲಿ ಮೇಲಿನ ತುದಿಯೂ ಕೆಳಗಿನ ತುದಿಯೂ 0.5 ವೋಲ್ಟಿಗೆ ಕತ್ತರಿಸಿಹೋಗುತ್ತವೆ. ಮೂರು ಡಯೋಡಿನದರಲ್ಲಿ ಒಂದು ತುದಿ 0.5ಕ್ಕೆ, ಇನ್ನೊಂದು 1ಕ್ಕೆ. ಕಿವಿಗೆ ಮೇಲು ಕೆಳಗು ಎಂಬುದು ಗೊತ್ತಿಲ್ಲ. ಅಲೆಯನ್ನು ತಲೆಕೆಳಗು ಮಾಡಿ ಕೇಳಿಸಿದರೂ ವ್ಯತ್ಯಾಸ ತಿಳಿಯುವುದು ಕಷ್ಟ. ಹಾಗಾದರೆ ಎರಡು ತುದಿಗಳು ಸಮವಾಗಿವೆಯೋ ಇಲ್ಲವೋ ಎಂಬುದು ಅದಕ್ಕೆ ಹೇಗೆ ಮುಟ್ಟುತ್ತದೆ?

ಮುಟ್ಟುವುದು ಹಾರ್ಮೋನಿಕ್‌ಗಳ ಮೂಲಕ. ಯಾವುದೇ ಅಲೆಯ ಆಕಾರ ಕೆಟ್ಟರೆ ಅದರಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಸಿಮೆಟ್ರಿಕ್ ಕ್ಲಿಪ್ಪಿಂಗಿನಲ್ಲಿ ಅಲೆಯ ಎರಡನೆಯ ಅರ್ಧ ಮೊದಲ ಅರ್ಧದ ತಲೆಕೆಳಗಾದ ಪಡಿಯಚ್ಚು. ಎರಡು ಪಟ್ಟು ವೇಗದ ಸ್ವರವನ್ನು ಯೋಚಿಸಿ. ಮೂಲ ಅಲೆ ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಅದು ಪೂರ್ತಿ ಒಂದು ಸುತ್ತು ಮುಗಿಸಿರುತ್ತದೆ. ಆದ್ದರಿಂದ ಎರಡನೆಯ ಅರ್ಧದಲ್ಲಿ ಅದು ತಲೆಕೆಳಗಾಗದೆ ಮೊದಲಿನ ಹಾಗೇ ಮತ್ತೆ ಬರುತ್ತದೆ. ಇಡೀ ಅಲೆ ತಲೆಕೆಳಗಾಗಲೇಬೇಕು ಎಂಬ ಕಡೆ ಇಂಥದ್ದಕ್ಕೆ ಜಾಗವಿಲ್ಲ. ಮೂರು ಪಟ್ಟಿನ ಸ್ವರ ಅಷ್ಟೇ ಹೊತ್ತಿನಲ್ಲಿ ಒಂದೂವರೆ ಸುತ್ತು ಹಾಕಿರುತ್ತದೆ; ಎರಡನೆಯ ಅರ್ಧವನ್ನು ಅದು ತಲೆಕೆಳಗಾಗಿಯೇ ಶುರುಮಾಡುತ್ತದೆ, ಹಾಗಾಗಿ ಅದಕ್ಕೆ ಪ್ರವೇಶವಿದೆ. ಐದು, ಏಳು, ಒಂಬತ್ತಕ್ಕೂ ಹೀಗೆಯೇ. ಎರಡು, ನಾಲ್ಕು, ಆರಕ್ಕೆ ಇಲ್ಲ. ಎರಡು ತುದಿಗಳ ಎತ್ತರ ಬೇರೆಯಾದ ಕೂಡಲೇ ಆ ಪಡಿಯಚ್ಚು ಮುರಿಯುತ್ತದೆ, ಸಮಸಂಖ್ಯೆಯವೂ ಒಳಬರುತ್ತವೆ.

ಸ್ವರದ ಮಾತಿನಲ್ಲಿ ಹೇಳುವುದಾದರೆ, ಗಿಟಾರಿನ ಐದನೆಯ ತಂತಿಯ 110 ಹರ್ಟ್ಜ್ ಸ್ವರವನ್ನು ಷಡ್ಜ ಎನ್ನಿ. ಸಮಸಂಖ್ಯೆಯವು 220, 440, 660. ಮೊದಲೆರಡು ಮೇಲಿನ ಸ್ಥಾಯಿಗಳ ಷಡ್ಜ, ಮೂರನೆಯದು ಪಂಚಮ. ಬೆಸಸಂಖ್ಯೆಯವು 330, 550, 770: ಪಂಚಮ, ಅಂತರ ಗಾಂಧಾರ, ಮತ್ತೆ ಕೈಶಿಕಿ ನಿಷಾದಕ್ಕಿಂತ ತುಸು ಕೆಳಗೆ ನಿಲ್ಲುವ ಒಂದು ಸ್ವರ. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಎದ್ದು ಬರುತ್ತದೆ ಎಂದು ಸಂಗೀತಗಾರರು ಹೇಳುವ ಸ್ವಯಂಭೂ ಗಾಂಧಾರ ಇದೇ ಐದನೆಯ ಹಾರ್ಮೋನಿಕ್. ಎರಡನೆಯ ಹಾರ್ಮೋನಿಕ್ ಹೊಸ ಸ್ವರ ತರುವುದಿಲ್ಲ, ಇದ್ದ ಸ್ವರವನ್ನೇ ಮೇಲಿನ ಸ್ಥಾಯಿಯಲ್ಲಿ ಜೊತೆಗೂಡಿ ಹಾಡುತ್ತದೆ. ಅಸಿಮೆಟ್ರಿಕ್ ದನಿ ತುಂಬಿಕೊಂಡಂತೆ ಕೇಳಿಸುತ್ತದೆ ಎನ್ನುವುದಕ್ಕೆ ಜನ ಕೊಡುವ ವಿವರಣೆ ಇಷ್ಟೇ. ಬಹಳಷ್ಟು ಲೇಖನಗಳು ಇಲ್ಲಿಗೇ ನಿಂತುಬಿಡುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ಈ ಲೆಕ್ಕ ನಡೆಯುವುದು ಒಂದೇ ಒಂದು ಶುದ್ಧ ಅಲೆ ಒಳಹೋದಾಗ. ಗಿಟಾರಿನ ತಂತಿಯಲ್ಲಿ ಎರಡನೆಯದು, ನಾಲ್ಕನೆಯದು ಮೊದಲೇ ಧಾರಾಳವಾಗಿವೆ. ಸಿಮೆಟ್ರಿಕ್ ಪೆಡಲು ಅವನ್ನು ತೆಗೆದುಹಾಕುವುದಿಲ್ಲ. ಹಾಗಾದರೆ ಮೂರನೆಯ ಡಯೋಡು ಹೊಸದಾಗಿ ತರುವುದೇನು?

ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಇದಕ್ಕೆ ಉತ್ತರ ಸ್ಪಷ್ಟವಾಗಿ ಕೇಳುತ್ತದೆ. ರಾಕ್ ಸಂಗೀತದಲ್ಲಿ ಪವರ್ ಕಾರ್ಡ್ ಎನ್ನುವುದು ಷಡ್ಜ ಮತ್ತು ಪಂಚಮ ಮಾತ್ರ: 110 ಮತ್ತು 165 ಹರ್ಟ್ಜ್. ಕ್ಲಿಪ್ಪಿಂಗ್ ಆದಾಗ ಎರಡು ಸ್ವರಗಳು ಬೆರೆತು, ಯಾರೂ ನುಡಿಸದ ಸ್ವರಗಳು ಏಳುತ್ತವೆ. ಅಸಿಮೆಟ್ರಿಕ್ ಕ್ಲಿಪ್ಪಿಂಗಿನಲ್ಲಿ ಎಲ್ಲಕ್ಕಿಂತ ಸರಳವಾದ ಬೆರಕೆ ಕೂಡುವುದು ಮತ್ತು ಕಳೆಯುವುದು: 275 ಮತ್ತು 55. ಐವತ್ತೈದು ಎಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ, ನಾಲ್ಕು ತಂತಿಯ ಬೇಸ್ ಗಿಟಾರಿನ ಸ್ವರ. 275 ಎಂದರೆ ಅಂತರ ಗಾಂಧಾರ. ಬೆರಳು ಇಡದಿದ್ದ ಗಾಂಧಾರವನ್ನು ಡಯೋಡು ತಾನೇ ಇಟ್ಟುಕೊಡುತ್ತದೆ! ಸಿಮೆಟ್ರಿಕ್‌ನಲ್ಲಿ ಈ ಸರಳ ಬೆರಕೆಗೆ ಅವಕಾಶವಿಲ್ಲ; ಒಂದರ ದುಪ್ಪಟ್ಟಿನಿಂದ ಇನ್ನೊಂದನ್ನು ಕಳೆಯಬೇಕು ಅಥವಾ ಅದಕ್ಕೆ ಕೂಡಬೇಕು. ಹಾಗೆ ಮಾಡಿದರೂ 55 ಬರುತ್ತದೆ, 220 ಬರುತ್ತದೆ, 385, 440 ಬರುತ್ತವೆ. ಗಾಂಧಾರದ 275 ಮಾತ್ರ ಇನ್ನೂ ಸುತ್ತುಬಳಸಿನ ದಾರಿಯಲ್ಲಿ, ಕ್ಷೀಣವಾಗಿ ಬರುತ್ತದೆ.

ಇದೇ ಗುಣ ಬೇರೆ ಕಡೆ ತೊಂದರೆಯಾಗುತ್ತದೆ. ಗಿಟಾರಿನ ಮೆಟ್ಟಿಲುಗಳು ಶುದ್ಧ ಗಾಂಧಾರ ಕೊಡುವುದಿಲ್ಲ, ತುಸು ಏರಿದ್ದನ್ನು ಕೊಡುತ್ತವೆ. 220ರ ಷಡ್ಜದ ಜೊತೆ ಬರುವ ಗಾಂಧಾರ 275 ಆಗದೆ ಸುಮಾರು 277. ಇವೆರಡರ ವ್ಯತ್ಯಾಸ 57. ಅದು 55ರ ಷಡ್ಜವೂ ಅಲ್ಲ, ಅದರ ಮುಂದಿನ ಮೆಟ್ಟಿಲೂ ಅಲ್ಲ; ಕೆಳಗೆ ಎಲ್ಲೋ ನಿಂತು ಗೊಣಗುತ್ತದೆ. ಪೂರ್ತಿ ಕಾರ್ಡನ್ನು ಜೋರು ಡ್ರೈವಿನಲ್ಲಿ ನುಡಿಸಿದರೆ ರಾಡಿಯಾಗುವುದು ಇದರಿಂದ. ಸಿಮೆಟ್ರಿಕ್ ಪೆಡಲೂ ತನ್ನದೇ ಅಪಸ್ವರಗಳನ್ನು ಹುಟ್ಟಿಸುತ್ತದೆ, ಅದರಲ್ಲಿ ಅದು ಸಾಚಾ ಏನಲ್ಲ. ಆದರೆ ಈ ಕೆಳಗಿನ ಗೊಣಗು ಅಸಿಮೆಟ್ರಿಕ್‌ನದೇ ವಿಶೇಷ.

ಇನ್ನು ನನಗೆ ಇಡೀ ವಿಷಯದಲ್ಲೇ ಹೆಚ್ಚು ರುಚಿಯೆನಿಸಿದ ಸಂಗತಿಗೆ ಬರುತ್ತೇನೆ. ಅಸಿಮೆಟ್ರಿಕ್ ಪೆಡಲಿನಲ್ಲಿ ಡ್ರೈವ್ ಹೆಚ್ಚಿಸಿದಷ್ಟೂ ಎರಡನೆಯ ಹಾರ್ಮೋನಿಕ್ ಹೆಚ್ಚುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಾಗುವುದಿಲ್ಲ. ಒಂದು ಶುದ್ಧ ಅಲೆಯನ್ನು 0.5 ಮತ್ತು 1 ವೋಲ್ಟಿಗೆ ಕತ್ತರಿಸಿದಂತೆ ಲೆಕ್ಕ ಹಾಕಿ ನೋಡಿ. ಕತ್ತರಿಸದಿದ್ದರೆ ಅಲೆ 0.75 ವೋಲ್ಟ್ ಎತ್ತರಕ್ಕೆ ಏರುತ್ತಿತ್ತು ಎಂದಾಗ ಎರಡನೆಯ ಹಾರ್ಮೋನಿಕ್ ಮೂಲ ಸ್ವರದ ಸುಮಾರು ಶೇ. 10. ಒಂದು ವೋಲ್ಟಿಗೆ ಏರುವಾಗ ಅದು ಶೇ. 17. ಎರಡು ವೋಲ್ಟಿಗೆ ಬಂದಾಗ ಶೇ. 12ಕ್ಕೆ ಇಳಿದಿರುತ್ತದೆ. ಐದು ವೋಲ್ಟಿಗೆ ಶೇ. 5, ಹತ್ತಕ್ಕೆ ಶೇ. 2.5. ನಿಜವಾದ ಡಯೋಡು ಕತ್ತಿಯಂತೆ ಕತ್ತರಿಸದೆ ಮೆಲ್ಲಗೆ ಬಾಗಿಸುವುದರಿಂದ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ, ಏರಿ ಇಳಿಯುವ ರೀತಿ ಮಾತ್ರ ಇದೇ.

ಕಾರಣ ಸರಳವಾಗಿದೆ. ಬಹಳ ಜೋರಾಗಿ ತಳ್ಳಿದ ಅಲೆ ಕೊನೆಗೆ ಚೌಕವಾಗಿಬಿಡುತ್ತದೆ: ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ. ಮೇಲೆ 1 ವೋಲ್ಟ್, ಕೆಳಗೆ 0.5. ಪೆಡಲಿನ ಮುಂದಿನ ಹಂತಕ್ಕೆ ಹೋಗುವ ದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ನಿಂತ ವೋಲ್ಟೇಜನ್ನು ತಡೆದು ಅಲುಗಾಟವನ್ನಷ್ಟೇ ಬಿಡುವುದು ಅದರ ಕೆಲಸ. ಅದು ಈ ಓರೆ ಚೌಕವನ್ನು ನಡುಗೆರೆಗೆ ಎಳೆದು ಕೂರಿಸುತ್ತದೆ: ಮೇಲೆ 0.75, ಕೆಳಗೂ 0.75. ಅಸಿಮೆಟ್ರಿ ಎಲ್ಲಿ ಹೋಯಿತು? ಮೂರು ಡಯೋಡು ಮಾಡಿದ ಕೆಲಸವನ್ನು ಒಂದು ಕೆಪಾಸಿಟರ್ ಅಳಿಸಿಹಾಕಿತು. ಉಳಿಯುವುದು ಬೆಸಸಂಖ್ಯೆಯವು ಮಾತ್ರ, ಮೂರನೆಯದು ಮೂಲದ ಮೂರನೇ ಒಂದು ಪಾಲಿನಷ್ಟು. ಎರಡು ಡಯೋಡಿನ ಪೆಡಲನ್ನು ಜೋರಾಗಿ ತಳ್ಳಿದರೂ ಸಿಗುವುದು ಇದೇ.

ಅಂದರೆ ಡ್ರೈವ್ ಗುಂಡಿಯನ್ನು ಕೊನೆವರೆಗೆ ತಿರುಗಿಸಿ ಒಂದೊಂದೇ ಸ್ವರ ನುಡಿಸುತ್ತ ‘ನೋಡಿ, ಅಸಿಮೆಟ್ರಿಕ್ ಎಷ್ಟು ಬೆಚ್ಚಗಿದೆ’ ಎನ್ನುವವರು ವ್ಯತ್ಯಾಸ ಅತ್ಯಂತ ಕಡಿಮೆ ಇರುವ ಜಾಗದಲ್ಲಿ ಅದನ್ನು ಹುಡುಕುತ್ತಿದ್ದಾರೆ. ವ್ಯತ್ಯಾಸ ಇರುವುದು ನಡುವಿನಲ್ಲಿ, ಮತ್ತು ಸ್ವರ ಆರುವ ಹಾದಿಯಲ್ಲಿ. ಮೀಟಿದ ಕ್ಷಣ ಅಲೆ ದೊಡ್ಡದು, ಎರಡನೆಯ ಹಾರ್ಮೋನಿಕ್ ಕಡಿಮೆ. ತಂತಿ ಆರುತ್ತ ಬಂದಂತೆ ಅದು ಏರುತ್ತದೆ, ಒಂದು ಹಂತದಲ್ಲಿ ತುಂಬಿ ನಿಲ್ಲುತ್ತದೆ, ಆಮೇಲೆ ಇಳಿದು ಅಲೆ ಅರ್ಧ ವೋಲ್ಟಿಗಿಂತ ಕೆಳಗೆ ಬಂದಾಗ ಇಲ್ಲವಾಗುತ್ತದೆ. ಒಂದೇ ಸ್ವರದೊಳಗೆ ಬಣ್ಣ ಹೀಗೆ ಬದಲಾಗುತ್ತದೆ. ಸಿಮೆಟ್ರಿಕ್‌ನಲ್ಲಿ ಈ ಏರಿಳಿತವಿಲ್ಲ, ಗರಗರ ನೇರವಾಗಿ ಕರಗುತ್ತದೆ. ಹಳದಿ ಪೆಡಲು ಬೆರಳಿನ ಮಾತು ಕೇಳುತ್ತದೆ ಎಂದು ನುಡಿಸುವವರು ಹೇಳುವುದಕ್ಕೆ ಒಂದು ಪಾಲು ಆಧಾರ ಇಲ್ಲಿದೆ ಎಂದು ನನ್ನ ಅನಿಸಿಕೆ.

ಇನ್ನೊಂದು ಪಾಲು ಅಷ್ಟು ಗೌರವದ್ದಲ್ಲ. ಅದು ಬರೀ ಗಟ್ಟಿ ದನಿ. ಎರಡು ಡಯೋಡಿನ ಅಲೆ ಮೇಲಿಂದ ಕೆಳಗೆ ಒಟ್ಟು 1 ವೋಲ್ಟ್, ಮೂರರದ್ದು ಒಂದೂವರೆ. ಡೆಸಿಬೆಲ್ ಲೆಕ್ಕದಲ್ಲಿ ಮೂರೂವರೆ ಹೆಚ್ಚು. ಯಾವ ಎರಡು ದನಿಗಳನ್ನು ಹೋಲಿಸಿದರೂ ಗಟ್ಟಿಯಾದದ್ದು ತುಂಬಿಕೊಂಡಂತೆ, ತೆರೆದಂತೆ ಕೇಳುವುದು ಕಿವಿಯ ಸ್ವಭಾವ. ಪೆಡಲು ಕಟ್ಟುವ ಹವ್ಯಾಸಿಗಳು ಮೂರನೆಯ ಡಯೋಡನ್ನು ಸೇರಿಸಲು, ಬಿಡಿಸಲು ಒಂದು ಸ್ವಿಚ್ಚು ಹಾಕಿ, ಅದನ್ನು ಅತ್ತಿತ್ತ ತಳ್ಳಿ ತೀರ್ಪು ಕೊಡುವುದುಂಟು. ಅವರು ಕೇಳುತ್ತಿರುವುದರಲ್ಲಿ ದೊಡ್ಡ ಭಾಗ ಆ ಮೂರೂವರೆ ಡೆಸಿಬೆಲ್. ಪ್ರತಿ ಸಲವೂ ಲೆವೆಲ್ ಗುಂಡಿಯಿಂದ ದನಿಯನ್ನು ಸರಿಗಟ್ಟಿಸಿಕೊಂಡು ಕೇಳಿದರೆ ಅಂತರ ಎಷ್ಟೋ ಕುಗ್ಗುತ್ತದೆ. ಉಳಿದದ್ದೇ ನಿಜವಾದ ಅಂತರ.

ಕಣ್ಣಿನಿಂದಲೇ ನೋಡಬೇಕೆನ್ನುವವರಿಗೆ ದುಬಾರಿ ಸಲಕರಣೆ ಬೇಡ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 1000 ಹರ್ಟ್ಜ್ ಶುದ್ಧ ಅಲೆಯನ್ನು ಸಣ್ಣ ವಾಲ್ಯೂಮಿನಲ್ಲಿ ಪೆಡಲಿಗೆ ಕೊಡಿ. ಹೊರಬಂದದ್ದನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ತೆರೆಯಿರಿ. 3000, 5000ದಲ್ಲಿ ಕೋಡುಗಳು ಎರಡೂ ಪೆಡಲುಗಳಲ್ಲಿ ಏಳುತ್ತವೆ. ನೋಡಬೇಕಾದದ್ದು 2000ದ ಜಾಗ. ಹಸಿರಿನಲ್ಲಿ ಅಲ್ಲಿ ಸಣ್ಣ ಗುಬುಟು ಮಾತ್ರ. ಪೂರ್ತಿ ಸೊನ್ನೆಯಾಗದು, ಏಕೆಂದರೆ ಒಂದೇ ಪೊಟ್ಟಣದ ಎರಡು ಡಯೋಡುಗಳೂ ತದ್ರೂಪಿಗಳಲ್ಲ. ಹಳದಿಯಲ್ಲಿ ಎದ್ದು ಕಾಣುವ ಕೋಡು. ಈಗ ಫೋನಿನ ವಾಲ್ಯೂಮನ್ನು ಮೆಲ್ಲನೆ ಏರಿಸುತ್ತ ಹೋದರೆ ಆ 2000ದ ಕೋಡು, ಪಕ್ಕದ 1000ಕ್ಕೆ ಹೋಲಿಸಿದರೆ, ಮೊದಲು ಏರಿ ಆಮೇಲೆ ಇಳಿಯುವುದು ಕಾಣುತ್ತದೆ. ಪೆಡಲಿಗೆ ಕೊಡುವ ಮೊದಲು ಫೋನನ್ನು ನೇರವಾಗಿ ರೆಕಾರ್ಡ್ ಮಾಡಿ ನೋಡುವುದು ಒಳ್ಳೆಯದು; ವಾಲ್ಯೂಮ್ ಜಾಸ್ತಿಯಾದರೆ ಫೋನೇ ಅಲೆಯನ್ನು ಕೆಡಿಸಿರಬಹುದು.

ಸಾವಿರ ಹರ್ಟ್ಜ್ ಯಾಕೆ, ಗಿಟಾರಿನ 110 ಯಾಕಲ್ಲ ಎಂದರೆ, ಈ ಪೆಡಲುಗಳು ಮಂದ್ರ ಸ್ವರಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಟ್ಯೂಬ್ ಸ್ಕ್ರೀಮರಿನಲ್ಲಿ 4.7 ಕಿಲೋಓಮ್ ರೆಸಿಸ್ಟರಿನ ಜೊತೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂತು, 720 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಹಿಗ್ಗುವಿಕೆಯನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಡ್ರೈವ್ ಪೂರ್ತಿ ಇದ್ದಾಗಲೂ 110 ಹರ್ಟ್ಜ್ ಹಿಗ್ಗುವುದು 18 ಪಟ್ಟಿನಷ್ಟು ಮಾತ್ರ, 118 ಅಲ್ಲ. ರಾಡಿಯನ್ನು ಹುಟ್ಟುವ ಮೊದಲೇ ತಡೆಯುವ ಜಾಣತನ ಇದು. ಎಸ್‌ಡಿ-1ರಲ್ಲೂ ಇದೇ ಜೋಡಿ ಇದೆ. ಹಸಿರು ಹಳದಿಗಳ ದನಿ ಇಷ್ಟು ಹತ್ತಿರವಾಗಿರುವುದಕ್ಕೆ ಡಯೋಡಿಗಿಂತ ಈ ಕೆಪಾಸಿಟರೇ ದೊಡ್ಡ ಕಾರಣ ಎಂದರೆ ತಪ್ಪಾಗದು.

ಮೂರನೆಯ ಡಯೋಡಿನ ಬದಲು ಒಂದು ಕಡೆ ಎಲ್‌ಇಡಿ ಹಾಕುವವರಿದ್ದಾರೆ. ಕೆಂಪು ಎಲ್‌ಇಡಿ ತೆರೆದುಕೊಳ್ಳಲು ಒಂದೂವರೆ ವೋಲ್ಟಿಗೂ ಹೆಚ್ಚು ಬೇಕು. ಡ್ರೈವ್ ಕಡಿಮೆ ಇದ್ದರೆ ಆ ಕಡೆ ಕತ್ತರಿಯೇ ಬೀಳುವುದಿಲ್ಲ, ಅಲೆಯ ಒಂದೇ ಮೈ ಚಪ್ಪಟೆಯಾಗುತ್ತದೆ. ‘ಎಲ್‌ಇಡಿ ಹಾಕಿದೆ, ಗರಗರವೇ ಕಡಿಮೆಯಾಯಿತು’ ಎಂಬ ದೂರು ಹುಟ್ಟುವುದು ಇಲ್ಲಿಂದ. ಡ್ರೈವ್ ಏರಿಸಿದರೆ ಗರಗರ ಬರುತ್ತದೆ, ಆದರೆ ಎಲ್‌ಇಡಿ ತೆರೆದುಕೊಂಡ ಮೇಲೆ ಅಸಿಮೆಟ್ರಿಯ ಬಣ್ಣ ಮೆಲ್ಲಗೆ ತೆಳುವಾಗತೊಡಗುತ್ತದೆ.

ಅನೇಕ ಗಿಟಾರಿಗರು ಹಳದಿ ಪೆಡಲನ್ನು ಬಳಸುವ ರೀತಿ ಇದಕ್ಕೆ ತಿರುಗುಮುರುಗಾದದ್ದು. ಅವರು ಡ್ರೈವನ್ನು ಸೊನ್ನೆಗಿಟ್ಟು, ಲೆವೆಲ್ಲನ್ನು ಪೂರ್ತಿ ಏರಿಸಿ, ಅದಾಗಲೇ ಒಡೆದ ದನಿ ಕೊಡುತ್ತಿರುವ ವಾಲ್ವ್ ಆಂಪ್ಲಿಫೈಯರಿಗೆ ಇನ್ನಷ್ಟು ತಳ್ಳು ಕೊಡುತ್ತಾರೆ. ಸೊನ್ನೆಯಲ್ಲಿ ಎಸ್‌ಡಿ-1 ಹಿಗ್ಗಿಸುವುದು ಸುಮಾರು 8 ಪಟ್ಟು. ಹತ್ತನೇ ಒಂದು ವೋಲ್ಟಿನ ಸಂಕೇತ 0.8 ವೋಲ್ಟ್ ಆಗುತ್ತದೆ: ಒಂದು ಕಡೆಯ ಡಯೋಡು ತೆರೆಯಲು ಸಾಕು, ಎರಡು ಕೂತ ಕಡೆಗೆ ಸಾಲದು. ನಮ್ಮ ಲೆಕ್ಕದಲ್ಲಿ ಅಲ್ಲಿ ಎರಡನೆಯ ಹಾರ್ಮೋನಿಕ್ ಶೇ. 12ರ ಹತ್ತಿರ. ಟ್ಯೂಬ್ ಸ್ಕ್ರೀಮರ್ ತನ್ನ ಸೊನ್ನೆಯಲ್ಲೂ ಅದೇ ಸಂಕೇತವನ್ನು 1.2 ವೋಲ್ಟಿಗೆ ಒಯ್ಯುತ್ತದೆ, ಎರಡೂ ತುದಿಗಳನ್ನು ಕತ್ತರಿಸಿಯೇ ಬಿಡುತ್ತದೆ. ಎರಡು ಪೆಡಲುಗಳು ಒಂದಕ್ಕೊಂದು ಅತಿ ದೂರ ನಿಲ್ಲುವುದು ಈ ಜಾಗದಲ್ಲಿ. ಆದರೆ ಆ ದನಿ ನೇರವಾಗಿ ಕಿವಿಗೆ ಬರುವುದಿಲ್ಲ. ಆಂಪ್ಲಿಫೈಯರಿನ ಮೊದಲ ವಾಲ್ವ್‌ಗಳು ತಾವೇ ಅಸಿಮೆಟ್ರಿಕ್ ಆಗಿ ಕ್ಲಿಪ್ ಆಗುತ್ತವೆ, ತಮ್ಮ ಸಮಸಂಖ್ಯೆಗಳನ್ನು ಸೇರಿಸುತ್ತವೆ. ಪೆಡಲಿನ ಓರೆಯೂ ವಾಲ್ವಿನ ಓರೆಯೂ ಒಂದೇ ಕಡೆಗಿದ್ದರೆ ಎರಡನೆಯ ಹಾರ್ಮೋನಿಕ್ ಇನ್ನೂ ಬಲಿಯುತ್ತದೆ, ಎದುರುಬದುರಾದರೆ ಒಂದನ್ನೊಂದು ತಿಂದುಹಾಕುತ್ತವೆ. ಅದೇ ಹಳದಿ ಪೆಡಲು ಒಂದು ಆಂಪ್ಲಿಫೈಯರಿನಲ್ಲಿ ಅರಳಿದಂತೆ ಕೇಳಿ, ಪಕ್ಕದ ಇನ್ನೊಂದರಲ್ಲಿ ಹಸಿರಿಗಿಂತ ಬೇರೆಯೇ ಅಲ್ಲವೆನ್ನಿಸುವುದು ಇದರಿಂದಲೂ ಆಗುತ್ತದೆ.